ಬಿಳಿ ಪರದೆಯ ಬೆಳಕು

ಆಸ್ಪತ್ರೆಯ ಕಂಪ್ಯೂಟರುಗಳಿಗೆ ಆ ವಾರ ಹೊಸ ಬಣ್ಣ ಬಂದಿತ್ತು. ಕಣ್ಣಿಗೆ ಚುಚ್ಚುತ್ತಿದ್ದ ಬಿಳಿ ಪರದೆ ಹೋಗಿ, ಬೂದುಗಪ್ಪು ಹಿನ್ನೆಲೆಯ ಮೇಲೆ ಮಾಸಲು ಬಿಳಿ ಅಕ್ಷರಗಳು ಮೂಡುತ್ತಿದ್ದವು. ರೋಗಿಯ ನಾಡಿ, ಉಸಿರಿನ ಲೆಕ್ಕದಲ್ಲಿ ಏರುಪೇರಾದ ಅಂಕಿಗಷ್ಟೇ ತಿಳಿ ಕಿತ್ತಳೆ, ಪಕ್ಕದಲ್ಲೊಂದು ಬಾಣ. ರಾತ್ರಿಪಾಳಿಯ ನರ್ಸಮ್ಮನ ಉರಿಯುವ ಕಣ್ಣಿಗೆ ತಣ್ಣೀರು ಹಾಕಿದಂತಾಯಿತು.

ಕೊನೆಯ ಕೋಣೆಯ ರೋಗಿಯ ಹೆಂಡತಿಗೂ ಅದರಿಂದ ನಿದ್ದೆ ಸಿಕ್ಕಿತು. ಮೊದಲೆಲ್ಲ ಹಾಸಿಗೆ ಪಕ್ಕದ ಪರದೆ ಬೆಳಗಿದರೆ ಸಾಕು, ಕುರ್ಚಿಯಲ್ಲಿದ್ದ ಆ ಅಜ್ಜಿ ಕಣ್ಣುಜ್ಜಿಕೊಂಡು, "ಹೇಗಿದ್ದಾರಮ್ಮ?" ಎನ್ನುತ್ತಿದ್ದರು. "ಹಾಗೇ ಇದ್ದಾರೆ, ನೀವು ಮಲಗಿ ಅಜ್ಜಿ" ಎಂದು ನರ್ಸಮ್ಮ ಗದರುತ್ತಿದ್ದಳು.

ಈ ರಾತ್ರಿ ಉಸಿರಿನ ಎಣಿಕೆ ತುಂಬಿಸಿದಾಗ ಅಂಕಿ ಕಿತ್ತಳೆಗೆ ತಿರುಗಿತು, ಬಾಣ ಕೆಳಮುಖವಾಯಿತು. ಮಾಡುವುದೇನೂ ಉಳಿದಿಲ್ಲವೆಂದು ಡಾಕ್ಟರು ಸಂಜೆಯೇ ಹೇಳಿದ್ದರು. ಅಜ್ಜಿ ಗಾಢ ನಿದ್ದೆಯಲ್ಲಿದ್ದರು. ಭುಜ ಮುಟ್ಟಲು ಚಾಚಿದ ಕೈಯನ್ನು ನರ್ಸಮ್ಮ ಹಿಂದೆಳೆದುಕೊಂಡಳು. ಮುಟ್ಟಿ ಎಬ್ಬಿಸಿದರೆ ಅಜ್ಜಿಯ ಎದೆ ಧಸಕ್ಕೆನ್ನುತ್ತದೆ.

ಪರದೆಯ ಮೂಲೆಯಲ್ಲಿದ್ದ ತನ್ನ ಹೆಸರನ್ನು ಒತ್ತಿ, ಬಣ್ಣದ ಆಯ್ಕೆ ತೆರೆದು, ಹಳೆಯ ಬಿಳಿಯನ್ನೇ ಆರಿಸಿದಳು. ತುಂಬಿಸಿದ ಅಂಕಿ ಅಲ್ಲೇ ಉಳಿಯಿತು, ಕೋಣೆ ಬೆಳಗಿತು.

ಅಜ್ಜಿ ಕಣ್ಣುಜ್ಜಿಕೊಂಡರು. "ಹೇಗಿದ್ದಾರಮ್ಮ?"

ನರ್ಸಮ್ಮ ಈ ಸಲ ‘ಮಲಗಿ’ ಎನ್ನಲಿಲ್ಲ.

"ಹತ್ರ ಬನ್ನಿ ಅಜ್ಜಿ, ಅವರ ಕೈ ಹಿಡ್ಕೊಳ್ಳಿ."