ದುರಗಪ್ಪನ ಅರಬ್ಬಿ ಫೋನು

ಹಳೇ ಹುಬ್ಬಳ್ಳಿಯ ಒಂದು ಮುದ್ರಣಾಲಯದಲ್ಲಿ ದುರಗಪ್ಪ ಮೂವತ್ತೊಂದು ವರ್ಷ ಸೀಸದ ಅಚ್ಚುಮೊಳೆ ಜೋಡಿಸಿದ. ಮೊಳೆಗಳ ಕಾಲ ಮುಗಿದು ಪ್ರೆಸ್ಸು ಮುಚ್ಚಿದ ಮೇಲೆ, ಲಗ್ನಪತ್ರಿಕೆ ಅಚ್ಚು ಹಾಕುವ ಕಪಿಲನಿಗೆ ಕರಡು ತಿದ್ದಿಕೊಡತೊಡಗಿದ. ಕಪಿಲ ಪತ್ರಿಕೆಯ ಒಕ್ಕಣೆಯನ್ನು ಮೊದಲು ಬರೀ ಮೆಸೇಜಾಗಿ ವಾಟ್ಸಾಪಿಗೆ ಕಳಿಸುತ್ತಿದ್ದ. ದುರಗಪ್ಪ ತಪ್ಪು ಹೇಳಿದ ನಂತರವೇ ಅದನ್ನು ಕಾರ್ಡಿಗೆ ಕೂರಿಸುತ್ತಿದ್ದ.

ಎಪ್ಪತ್ತೊಂದನೆಯ ವಯಸ್ಸಿಗೆ ಕಣ್ಣು ಮಂಜಾಯಿತು. ನರ ಸೊರಗಿದೆ, ಚಾಳೀಸು ಬದಲಿಸಿದರೂ ಹೆಚ್ಚಿನ ಉಪಯೋಗವಿಲ್ಲ ಎಂದರು ಡಾಕ್ಟರು. ದುರಗಪ್ಪ ಅದನ್ನು ಯಾರಿಗೂ ಹೇಳಲಿಲ್ಲ. ಅದೇ ತಿಂಗಳು ಅವನ ಹಳೆಯ ಫೋನು ಕೆಟ್ಟಿತು. ಪ್ರೆಸ್ಸಿನಲ್ಲಿ ಬೈಂಡಿಂಗ್ ಮಾಡುತ್ತಿದ್ದ ಗೆಳೆಯ ಶರೀಫಸಾಬನ ಅಳಿಯ ಅರಫಾತ, ಸೌದಿಯ ರಿಯಾದಿಗೆ ಕೆಲಸಕ್ಕೆ ಮರಳುವ ದಿನ ತನ್ನ ಹಳೆಯ ಫೋನನ್ನು ಕೊಟ್ಟು ಹೋದ. ಭಾಷೆ ರೂಢಿಯಾಗಲೆಂದು ಅವನು ಅದರಲ್ಲಿ ಎಲ್ಲವನ್ನೂ ಅರಬ್ಬಿಯಲ್ಲಿ ಇಟ್ಟಿದ್ದ. ಅವಸರದಲ್ಲಿ ಬದಲಿಸುವುದು ಮರೆತುಹೋಗಿತ್ತು. ಕನ್ನಡದ ಮೆಸೇಜು ಕನ್ನಡದಲ್ಲೇ ಬರುತ್ತಿತ್ತು, ಆದರೆ ಸಾಸಿವೆ ಕಾಳಿನಂತೆ ಬರುತ್ತಿತ್ತು.

ಅದೇ ಫೋನಿನಲ್ಲಿ ದುರಗಪ್ಪ ಶಿರಗುಪ್ಪಿಯ ಒಂದು ಮನೆತನದ ಪತ್ರಿಕೆ ತಿದ್ದಿದ. ಅಜ್ಜಿಯ ಹೆಸರು ‘ಮಾಳವ್ವ’ ಎಂದಿರಬೇಕಾದಲ್ಲಿ ‘ಮಾಳವ’ ಎಂದೇ ಅಚ್ಚಾಗಿ ಹೋಯಿತು. ಒತ್ತಕ್ಷರ ಇಲ್ಲದ್ದು ಅವನಿಗೆ ಕಂಡಿರಲಿಲ್ಲ.

ಕಪಿಲ ಸಿಟ್ಟಾಗಲಿಲ್ಲ. “ಕಾಕಾ, ಸ್ವಲ್ಪ ದಿನ ಆರಾಮ ತಗೋರಿ. ನಾನs ನೋಡಕೋತೇನಿ” ಎಂದ.

ಆ ಮಾತು ಬೈಗುಳಕ್ಕಿಂತ ಹೆಚ್ಚು ನಾಟಿತು. ಮರುದಿನ ಬೆಳಿಗ್ಗೆ ದುರಗಪ್ಪ ಅಕ್ಷರ ದೊಡ್ಡದು ಮಾಡಿಸಲು ಫೋನು ಹಿಡಿದು ಶರೀಫಸಾಬನ ಮನೆಗೆ ಹೋದ. ಅರಫಾತನಿಗೆ ಫೋನು ಹಚ್ಚಿದರೆ ಅವನು ಎತ್ತಲಿಲ್ಲ, ಡ್ಯೂಟಿಯಲ್ಲಿದ್ದ.

“ನೀ ಕುರಾನ್ ಓದತೀಯಲ್ಲ, ಇದನ್ನೂ ಓದು” ಎಂದ ದುರಗಪ್ಪ.

“ಓದಾಕ ಬರತೈತಿ. ಅರ್ಥ ಆಗಂಗಿಲ್ಲ.”

“ಓದು ಮೊದಲ.”

ಹಲ್ಲುಚಕ್ರದ ಚಿತ್ರ ಒತ್ತಿದರೆ ಸೆಟ್ಟಿಂಗ್ಸ್ ಎಂಬುದು ಇಬ್ಬರಿಗೂ ಗೊತ್ತಿತ್ತು. ಅಲ್ಲಿಂದ ಉದ್ದನೆಯ ಪಟ್ಟಿ. ಸೂರ್ಯನ ಗುರುತಿದ್ದ ಸಾಲನ್ನು ಶರೀಫಸಾಬ ಮುಟ್ಟಿದ. ಪರದೆಯ ಬೆಳಕು ಹೆಚ್ಚು ಕಡಿಮೆ ಮಾಡುವ ಪಟ್ಟಿ ಬಂತು. ಕೆಳಗಿನ ಸಾಲುಗಳನ್ನು ಬೆರಳಿಟ್ಟು ಒಂದೊಂದಾಗಿ ಓದುತ್ತ ಹೋದವನು ಒಂದು ಕಡೆ ನಿಂತ.

“ಹಜ್ಮ್ ಅಲ್ ಖತ್ತ್...”

“ಏನಾತು?”

“ಉರ್ದುವಿನ್ಯಾಗ ಖತ್ ಅಂದ್ರ ಬರವಣಿಗಿ. ಹಜ್ಮ್ ಅಂದ್ರ ಗಾತ್ರ. ಇದs ಇರಬೇಕು ನೋಡು.”

ಒತ್ತಿದಾಗ ಒಂದು ಗೆರೆ, ಅದರ ಮೇಲೊಂದು ಚುಕ್ಕೆ. ಶರೀಫಸಾಬ ಚುಕ್ಕೆಯನ್ನು ಬಲಕ್ಕೆ ಎಳೆದ. ಅಕ್ಷರ ಇನ್ನೂ ಸಣ್ಣವಾದವು.

ದುರಗಪ್ಪ ಫೋನು ಕಸಿದುಕೊಳ್ಳುವಂತೆ ಕೈಚಾಚಿದ. “ಬ್ಯಾಡ ಬಿಡು, ಇದ್ದದ್ದೂ ಹೋತು.”

“ತಡಿಯೋ. ಅರಬ್ಬಿ ಬಲಗಡಿಯಿಂದ ಸುರು ಆಗತೈತಿ. ಇದೂ ಹಂಗs ಇರಬೇಕು.” ಶರೀಫಸಾಬ ಎಡಕ್ಕೆ ಎಳೆದ. ಅಕ್ಷರ ಉಬ್ಬಿದವು. ಅದೇ ಪುಟದಲ್ಲಿ ‘ಖತ್ತ್’ ಎಂದು ಸುರುವಾಗುವ ಇನ್ನೊಂದು ಸಾಲಿತ್ತು, ಪಕ್ಕದಲ್ಲಿ ಗುಂಡಿ. ಅವನು ಅದನ್ನು ಒತ್ತಿದ್ದೇ ಎಲ್ಲ ಅಕ್ಷರಗಳೂ ದಪ್ಪವಾದವು.

ಆಗ ದುರಗಪ್ಪನ ಹಳೆಯ ಕಸುಬು ಎದ್ದು ಕೂತಿತು. ವಾಟ್ಸಾಪು ತೆಗೆಸಿ, ಕಪಿಲ ಕಳಿಸಿದ್ದ ಶಿರಗುಪ್ಪಿಯ ಪತ್ರಿಕೆಯ ಮೆಸೇಜನ್ನು ಕಣ್ಣಿಗೆ ಹಿಡಿದ. ಅಕ್ಷರ ತೀರ ದೊಡ್ಡವಾಗಿ ಸಾಲಿಗೆ ಎರಡೇ ಪದ ಕೂರುತ್ತಿದ್ದವು, ಉದ್ದನೆಯ ಹೆಸರುಗಳು ನಡುವೆ ಮುರಿಯುತ್ತಿದ್ದವು.

“ಚುಕ್ಕಿ ಒಂದ ಮನಿ ಹಿಂದಕ್ಕ ತಗೋ. ದಪ್ಪ ಹಂಗs ಇರಲಿ. ಸಣ್ಣ ಅಕ್ಷರಾನ ದಪ್ಪ ಮಾಡಿದ್ರ ಒತ್ತಕ್ಷರದ ಸಂದು ತುಂಬಿ ಬರೇ ಮಸಿ ಕಾಣತೈತಿ. ಇಷ್ಟ ದೊಡ್ಡದಿದ್ರ ತುಂಬಂಗಿಲ್ಲ.”

ಹಾಗೆ ಮಾಡಿದಾಗ ‘ಮಾಳವ’ ಅವನಿಗೆ ಸ್ಪಷ್ಟವಾಗಿ ಕಂಡಿತು. “ತಪ್ಪು ನಂದs” ಎಂದ. ಕಣ್ಣಿನ ಸಂಗತಿಯನ್ನು ಶರೀಫಸಾಬನಿಗೆ ಹೇಳಿದ್ದೂ ಆಗಲೇ.

ಮಧ್ಯಾಹ್ನ ಕಪಿಲನ ಅಂಗಡಿಗೆ ಹೋಗಿ ಅವನಿಗೂ ಹೇಳಿದ. “ಕಣ್ಣ ಕೆಟ್ಟಾವು. ಫೋನ್ ಈಗ ಛಲೋ ಐತಿ. ಒಂದ ಪತ್ರಿಕಿ ಕೊಟ್ಟ ನೋಡು.”

ಕಪಿಲ ತಾನೇ ತಿದ್ದಿ ಮುಗಿಸಿದ್ದ ಒಂದು ಒಕ್ಕಣೆ ಕಳಿಸಿದ. ದುರಗಪ್ಪ ಅಂಗಡಿಯ ಬಾಗಿಲಲ್ಲಿ ಬೆಳಕಿಗೆ ಬೆನ್ನು ಮಾಡಿ ನಿಂತು, ಕಾಲು ಗಂಟೆ ಓದಿ, ಮೂರು ತಪ್ಪು ಹೇಳಿದ. ಅದರಲ್ಲೊಂದು ವರನ ತಂದೆಯ ಹೆಸರಿನಲ್ಲಿತ್ತು.

“ಮೊದಲs ಹೇಳಬಾರದೇನ್ರಿ ಕಾಕಾ ಕಣ್ಣಿಂದು” ಎಂದು ಕಪಿಲ ತಿದ್ದತೊಡಗಿದ.

ಆ ಭಾನುವಾರ ಅರಫಾತ ತಾನಾಗಿ ಫೋನು ಮಾಡಿ, ಭಾಷೆಗಳ ಪಟ್ಟಿ ಎಲ್ಲಿದೆಯೆಂದು ಹೇಳಿದ. ಪಟ್ಟಿಯಲ್ಲಿ ಪ್ರತಿ ಭಾಷೆಯೂ ತನ್ನ ಲಿಪಿಯಲ್ಲೇ ಇರುತ್ತದಂತೆ. ‘ಕನ್ನಡ’ ಎಂಬುದನ್ನು ದುರಗಪ್ಪ ಯಾರ ಸಹಾಯವೂ ಇಲ್ಲದೆ ಹುಡುಕಿ ಒತ್ತಿದ. ಅಕ್ಷರದ ಗಾತ್ರ ಇಟ್ಟಲ್ಲೇ ಇತ್ತು. ಈಗ ವಾರಕ್ಕೆ ನಾಲ್ಕೈದು ಪತ್ರಿಕೆ ನೋಡುತ್ತಾನೆ, ಹಗಲು ಬೆಳಕಿನಲ್ಲಿ ಮಾತ್ರ. ಹೆಸರುಗಳನ್ನು ಎರಡು ಸಲ ಓದುತ್ತಾನೆ.