ಕುಂಕುಮ ಹಚ್ಚದ ಪತ್ರ

ಇಚಲಕರಂಜಿಯ ಒಂದು ಸಗಟು ಸೀರೆ ವ್ಯಾಪಾರದ ಪೇಢಿಯಲ್ಲಿ ಕನ್ನಡ ಪತ್ರ ಬರೆಯಬಲ್ಲವನು ಗುಮಾಸ್ತ ಕಾಡಸಿದ್ದ ಒಬ್ಬನೇ. ವ್ಯಾಪಾರಿಗಳ ವರ್ಷ ದೀಪಾವಳಿ ಪಾಡ್ಯಕ್ಕೆ ತಿರುಗುತ್ತದೆ. ಅದಕ್ಕೂ ಮೊದಲು, ವರ್ಷವಿಡೀ ಹೆಚ್ಚು ಮಾಲು ಒಯ್ದ ಗಿರಾಕಿಗಳಿಗೆ ಒಂದೊಂದು ಹಿತ್ತಾಳೆ ಹಣತೆ ಹೋಗಬೇಕು, ಜೊತೆಗೆ ಕಾಡಸಿದ್ದನ ಪತ್ರ: ‘ತಮ್ಮ ವಿಶ್ವಾಸಕ್ಕೆ ಋಣಿ. ಹೊಸ ವರ್ಷಕ್ಕೆ ಹೊಸ ಅಂಚಿನ ಸೀರೆಗಳು ಬರಲಿವೆ. ಸಂಕ್ರಾಂತಿಯೊಳಗೆ ಆರ್ಡರ್ ಕೊಟ್ಟವರಿಗೆ ದರದಲ್ಲಿ ಸವಲತ್ತು ಇರುವುದು.’ ಬರೆದಾದ ಮೇಲೆ ನಾಲ್ಕೂ ಮೂಲೆಗೆ ಕುಂಕುಮ. ಶುಭದ ಪತ್ರವೆಂದರೆ ಹಾಗೆಯೇ.

ಆ ವರ್ಷ ಪಟ್ಟಿಯಲ್ಲಿ ಮೊದಲ ಹೆಸರು ಗಡಹಿಂಗ್ಲಜದ ಯಮುನವ್ವನದು. ಗಂಡ ತೀರಿದ ಮೇಲೆ ಅಂಗಡಿಯನ್ನು ತಾನೇ ಎತ್ತಿ ನಿಲ್ಲಿಸಿದ ಹೆಂಗಸು. ಕುಂಕುಮದಲ್ಲಿ ಅದ್ದಿದ ಕಾಡಸಿದ್ದನ ಬೆರಳು ಅವಳ ಪತ್ರದ ಮೇಲೆ ತಡೆದು ನಿಂತಿತು. ವಿಧವೆಗೆ ಕುಂಕುಮದ ಪತ್ರವೇ? ಮನಸ್ಸು ನೊಂದೀತು. ತನ್ನ ಜಾಣತನಕ್ಕೆ ತಾನೇ ತಲೆದೂಗಿ, ಬಿಳಿ ಪತ್ರವನ್ನೇ ಮಡಚಿ ಕಳಿಸಿದ.

ನಾಲ್ಕನೇ ದಿನ ಯಮುನವ್ವ ಬಸ್ಸಿಳಿದು ನೇರ ಪೇಢಿಗೆ ನುಗ್ಗಿದಳು.

“ಯಾರು ಸತ್ತಾರ್ರೀ ನಿಮ್ಮ ಪೇಢ್ಯಾಗ? ಕುಂಕುಮ ಇಲ್ಲದ ಕಾಗದ ನೋಡಿ ನನ್ನ ಎದಿ ಧಸಕ್ ಅಂತು!”

“ಹಂಗಲ್ರೀ ಅವ್ವಾರ... ನಿಮಗ ಕುಂಕುಮ ಹೆಂಗ ಕಳಸೋದು ಅಂತ...” ಕಾಡಸಿದ್ದ ತಲೆ ತಗ್ಗಿಸಿದ.

ಯಮುನವ್ವ ಅವನನ್ನೇ ಒಂದು ಗಳಿಗೆ ನೋಡಿದಳು. ಸಿಟ್ಟು ಇಳಿಯಿತು. ಪತ್ರವನ್ನು ಬಿಚ್ಚಿ ಅವನ ಮುಂದೆ ಹರವಿದಳು.

“ತಮ್ಮಾ, ನನ್ನ ಹಣಿಗೆ ಹಚ್ಚಂತ ಯಾರು ಅಂದಾರ? ನನ್ನ ಅಂಗಡಿ ಇನ್ನೂ ಬದುಕೈತಿ. ಅದಕ್ಕ ಹಚ್ಚು.”