ಮೊದಲು ಲೇಖಕರ ಹೆಸರು

ಪುಣೆಯ ಕೋಥರೂಡದಲ್ಲಿ ಪ್ರಬಂಧ ಟೈಪ್ ಮಾಡಿಕೊಡುವ ಸುನಂದಾಳ ಬಳಿಗೆ ಪ್ರೊಫೆಸರ್ ಗಲಗಲಿ ಬಡ್ತಿಗಾಗಿ ತಮ್ಮ ಲೇಖನಗಳ ಪಟ್ಟಿ ತಂದರು. ಹದಿನೆಂಟು ವರ್ಷಗಳ ಹಿಂದೆ ಆಕೆಯ ಗೈಡ್ ಆಗಿದ್ದು, ಪಿಎಚ್‌ಡಿ ಕೆಡಿಸಿದವರು ಇವರೇ. ಅವರಿಗೆ ಆಕೆಯ ಗುರುತು ಹತ್ತಲಿಲ್ಲ.

ಒಂದು ಸಾಲಿನಲ್ಲಿ ವರ್ಷ ಮೊದಲು, ಇನ್ನೊಂದರಲ್ಲಿ ಶೀರ್ಷಿಕೆ. ಲೇಖಕರ ಜಾಗದಲ್ಲಿ ಮಾತ್ರ ಎಲ್ಲೆಡೆ ‘ಗಲಗಲಿ ಮತ್ತು ಇತರರು’.

“ಸರಿಮಾಡಿ ಸಮಿತಿಗೆ ನೀವ ಕಳಿಸ್ರಿ,” ಎಂದು ಹೋದರು.

ಸುನಂದಾ ಹಲ್ಲು ಕಚ್ಚಿ, ಮೂಲ ಪತ್ರಿಕೆಗಳನ್ನು ನೋಡಿ, ಅಚ್ಚಾದ ಕ್ರಮದಲ್ಲೇ ಲೇಖಕರು, ಆಮೇಲೆ ವರ್ಷ, ಶೀರ್ಷಿಕೆ ಇಟ್ಟಳು. ಸಾಲುಗಳನ್ನು ಅಕಾರಾದಿಯಾಗಿ ಜೋಡಿಸಿ ಕಳಿಸಿದಳು.

ಮರುದಿನ ಗಲಗಲಿ ಸಿಡಿದರು: “ಪ್ರತಿ ಸಾಲಿನಾಗೂ ನನ್ನ ಹೆಸರು ಕೊನೀಗೆ ಯಾಕ? ಮೊದಲನೇ ಸಾಲಿನಾಗ ಈ ಅಂಗಡಿ ಯಾರು?”

“ನಾನ ರೀ ಸರ್, ಸುನಂದಾ ಅಂಗಡಿ.”